ಸಂಘದ ಅಕ್ಕಂದಿರಿಗೆ ಫ್ಲೂ ಜ್ವರದ ಬಗ್ಗೆ ನಾಲ್ಕು ಮಾತು

ಅಕ್ಕಂದಿರೇ, ಉಳಿತಾಯದ ಪುಸ್ತಕ ಒಂಚೂರು ಪಕ್ಕಕ್ಕಿಡಿ. ಕಾರವಾರದ ಮಾರ್ಕೆಟ್ಟಿಗೆ ಮೀನು ಒಯ್ಯುವವರಿಗೆ ಬಸ್ಸು ತಪ್ಪಿಸುವುದಿಲ್ಲ, ಬೇಗ ಮುಗಿಸುತ್ತೇನೆ.

ಮಳೆಗಾಲದ ಶೀತ ನಮಗೆ ಹೊಸದಲ್ಲ. ಆದರೆ ಫ್ಲೂ ಒಮ್ಮೆಲೇ ಬರುತ್ತದೆ: ಜ್ವರ, ಒಣಕೆಮ್ಮು, ಮೈಕೈ ನೋವು, ಸುಸ್ತು. ಮಕ್ಕಳಿಗೆ ವಾಂತಿ, ಭೇದಿಯೂ ಆಗಬಹುದು.

ಮಗು ಅಳದೆ ಸುಮ್ನೆ ಮಲಗಿರುವಾಗ ಅಂಗಿ ಎತ್ತಿ ಹೊಟ್ಟೆ ನೋಡಿ. ಏರಿ ಇಳಿದರೆ ಒಂದು ಉಸಿರು. ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಜಾಸ್ತಿ ಇದ್ದರೆ ತಡಮಾಡಬೇಡಿ. ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ ಆಸ್ಪತ್ರೆಯೇ.

ಅಜ್ಜ-ಅಜ್ಜಿಯರ ವಿಷಯ ಬೇರೆ. ಮೈ ಬಿಸಿ ಇಲ್ಲದೆಯೂ ಫ್ಲೂ ಇರುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಅಜ್ಜಿ ಇವತ್ತು ಊಟ ಬೇಡ ಅಂದರೆ, ಏನೇನೋ ಮಾತಾಡಿದರೆ, ಎದ್ದು ನಿಲ್ಲಲು ಆಗದಿದ್ದರೆ ‘ವಯಸ್ಸಾಯ್ತಲ್ಲ’ ಅಂತ ಬಿಡಬೇಡಿ. ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇದ್ದವರನ್ನು ಮೊದಲ ದಿನವೇ ಡಾಕ್ಟರಿಗೆ ತೋರಿಸಿ.

ಕಷಾಯ ಕೊಡಿ, ದೊಡ್ಡವರಿಗೆ ನನ್ನ ಅಡ್ಡಿಯಿಲ್ಲ. ತಿಳಿಗಂಜಿ ಇನ್ನೂ ಒಳ್ಳೆಯದು. ಆದರೆ ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಹೋದ ವರ್ಷ ಉಳಿದ ಆಂಟಿಬಯೋಟಿಕ್ ಮಾತ್ರೆಯೂ ಬೇಡ, ಅದು ಫ್ಲೂ ವೈರಸ್‌ಗೆ ನಾಟುವುದಿಲ್ಲ.

ಈಗ ಯಾರ ಮನೆಯಲ್ಲಿ ಜ್ವರ ಇದೆ, ಹೇಳಿ. ಥರ್ಮಾಮೀಟರ್ ತಂದಿದ್ದೇನೆ.