ಗುರುವಾರ, ಶುಕ್ರವಾರ ಡಾಕ್ಟರ್ ಇರುವುದಿಲ್ಲ

ನಮಸ್ಕಾರ. ಡೊಂಬಿವಲಿ ಪೂರ್ವದ ನಮ್ಮ ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡುವ ಡಾಕ್ಟರ್ ತುರ್ತಾಗಿ ಊರಿಗೆ ಹೋಗಬೇಕಾಗಿದೆ. ಆ ಎರಡು ದಿನದ ಅಪಾಯಿಂಟ್‌ಮೆಂಟ್ ರದ್ದಾಗಿವೆ, ಕ್ಷಮಿಸಿ.

ಶನಿವಾರ ಬೆಳಿಗ್ಗೆ 9ರಿಂದ 1, ಸೋಮವಾರ ಸಂಜೆ 5ರಿಂದ 8 ನೋಡುತ್ತಾರೆ. (ಭಾನುವಾರ ಮೆಗಾಬ್ಲಾಕ್, ಠಾಣೆ ಕಡೆಯಿಂದ ಬರುವವರಿಗೆ ಕಷ್ಟವೆಂದು ಇಟ್ಟಿಲ್ಲ.) ಫೈಲ್ ನಂಬರ್, ಬೇಕಾದ ಹೊತ್ತು ಬರೆದು ಇದೇ ವಾಟ್ಸ್‌ಆ್ಯಪ್‌ಗೆ ಬುಧವಾರ ರಾತ್ರಿ 8ರೊಳಗೆ ಕಳಿಸಿ. ನಮ್ಮಿಂದ ಟೋಕನ್ ನಂಬರ್ ಬಂದ ಮೇಲೇ ಬುಕಿಂಗ್ ಖಾತ್ರಿ. ಕಟ್ಟಿದ ಫೀ ಹೊಸ ದಿನಕ್ಕೆ ಸಲ್ಲುತ್ತದೆ.

ಫಾಸ್ಟಿಂಗ್ ರಕ್ತಪರೀಕ್ಷೆ ಎಂದಿನಂತೆ 7.30ಕ್ಕೆ ಇದೆ, ರಿಪೋರ್ಟ್ ಹೊಸ ಭೇಟಿಗೆ ಸಿದ್ಧವಿರುತ್ತದೆ. ಮಾತ್ರೆ, ಇನ್ಸುಲಿನ್ ಮುಗಿಯುತ್ತಾ ಬಂದಿದ್ದರೆ ಹಳೆಯ ಚೀಟಿಯ ಫೋಟೊ ಇಂದೇ ಕಳಿಸಿ, ಡೋಸ್ ತಪ್ಪಿಸಬೇಡಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ನಮಗೆ ಕಾಯದೆ 108ಕ್ಕೆ ಕರೆ ಮಾಡಿ.

— ರಿಸೆಪ್ಶನ್