ಶಾಲೆಯ ಪಕ್ಕ ಕಸ ಸುಡುವುದನ್ನು ನಿಲ್ಲಿಸುವಂತೆ ಪುರಸಭೆಗೆ ಮನವಿ

ದಿನಾಂಕ: 10.02.2025

ಇವರಿಗೆ,
ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ

ಇವರಿಂದ,
ಕೆರೆ ಏರಿ ಬಡಾವಣೆಯ ನಿವಾಸಿಗಳು,
ವಾರ್ಡ್ ನಂ. 14

ವಿಷಯ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಾಂಪೌಂಡ್ ಪಕ್ಕದ ಖಾಲಿ ಜಾಗದಲ್ಲಿ ಕಸ ಸುಡುವುದನ್ನು ತಡೆಯುವ ಬಗ್ಗೆ.

ಮಾನ್ಯರೇ,

ಶಾಲೆಯ ಪೂರ್ವದ ಕಾಂಪೌಂಡ್‌ಗೂ ಕೆರೆ ಏರಿ ರಸ್ತೆಗೂ ನಡುವಿನ ಪುರಸಭೆ ಜಾಗದಲ್ಲಿ ಹೆಚ್ಚುಕಡಿಮೆ ದಿನವೂ ಕಸಕ್ಕೆ ಬೆಂಕಿ ಬೀಳುತ್ತಿದೆ. ಟೇಪು ಹಿಡಿದು ಅಳೆದಿದ್ದೇವೆ: ರಾಶಿಯಿಂದ 5ನೇ ತರಗತಿಯ ಕಿಟಕಿಗೆ 38 ಮೀಟರ್, ಬಿಸಿಯೂಟದ ಅಡುಗೆಕೋಣೆಗೆ 52 ಮೀಟರ್. ಜನವರಿ 13ರಿಂದ ಫೆಬ್ರವರಿ 8ರವರೆಗೆ ಶಾಲೆ ನಡೆದ 23 ದಿನಗಳಲ್ಲಿ 17 ದಿನ ಹೊಗೆ ಎದ್ದಿದೆ. ದಿನಾಂಕ, ಸಮಯ, ಫೋಟೊಗಳ ಪಟ್ಟಿ ಲಗತ್ತಿಸಿದೆ.

ಇಲ್ಲಿ ಉರಿಯುತ್ತಿರುವುದು ಒಂದೇ ಬೆಂಕಿಯಲ್ಲ. ಬೆಳಿಗ್ಗೆ 6.30ರಿಂದ 7.30ರೊಳಗೆ ಬೀಳುವುದು ರಸ್ತೆ ಗುಡಿಸಿದ ಕಸದ ಬೆಂಕಿ. ಈಗ ಹೊಂಗೆ ಎಲೆ ಉದುರುವ ಕಾಲ. ದಿನಕ್ಕೆ ಏಳೆಂಟು ತಳ್ಳುಗಾಡಿ ತರಗೆಲೆ ಬರುತ್ತದೆ. ಆಟೊ ಟಿಪ್ಪರ್ ಈ ರಸ್ತೆಗೆ ಬರುವುದು ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಉಳಿದ ದಿನ ಗಾಡಿ ಖಾಲಿ ಮಾಡಲು ಪೌರಕಾರ್ಮಿಕರಿಗೆ ಬೇರೆ ಜಾಗವಿಲ್ಲ. ಆದ್ದರಿಂದ ಅವರ ಮೇಲೆ ಕ್ರಮ ಜರುಗಿಸಬೇಡಿ, ಸುರಿಯಲು ಜಾಗ ಕೊಡಿ ಎಂಬುದೇ ನಮ್ಮ ಮೊದಲ ಮಾತು. ಸಂಜೆಯ ಬೆಂಕಿ ಅಂಗಡಿಗಳ ಕಸದ್ದು: ಕವರ್, ಥರ್ಮಾಕೋಲ್, ಎಳನೀರು ಬುರುಡೆ. ಬುರುಡೆಯ ನಾರು ಒಳಗೊಳಗೇ ಎರಡು ದಿನ ಕನಲುತ್ತದೆ. ಮರುದಿನ ಪ್ರಾರ್ಥನೆಯ ಹೊತ್ತಿಗೂ ಹೊಗೆ ಆಡುವುದು ಇದರಿಂದಲೇ. ಇನ್ನು ತಾಮ್ರಕ್ಕಾಗಿ ರಾತ್ರಿ ಯಾರೋ ಕೇಬಲ್ ವೈರ್ ಸುಡುತ್ತಾರೆ. ಜನವರಿ 29ರ ಬೆಳಿಗ್ಗೆ ಬೂದಿಯಲ್ಲಿ ಕರಗಿ ಅಂಟಿಕೊಂಡ ಕಪ್ಪು ಸಿಪ್ಪೆಯ ಸುರುಳಿಗಳು ಸಿಕ್ಕಿವೆ (ಫೋಟೊ 11).

ಇದರಲ್ಲಿ ಕೇಬಲ್ ಸುಡುವುದು ತೀರ ಅಪಾಯದ್ದು. ವೈರಿನ ಹೊದಿಕೆ ಪಿವಿಸಿ. ಬಯಲಿನಲ್ಲಿ ಕಡಿಮೆ ಉಷ್ಣದಲ್ಲಿ ಅರೆಬರೆ ಉರಿದಾಗ ಅದರ ಕ್ಲೋರಿನ್‌ನಿಂದ ಡಯಾಕ್ಸಿನ್, ಫ್ಯೂರಾನ್‌ನಂಥ ವಿಷಗಳು ಹುಟ್ಟಿ ಬೂದಿಯಲ್ಲೂ ಉಳಿಯುತ್ತವೆ. ಆ ಬೂದಿ ಗಾಳಿಗೆ ಹಾರಿ ತರಗತಿಯ ಡೆಸ್ಕು, ಬಿಸಿಯೂಟದ ತಟ್ಟೆ ತೊಳೆಯುವ ಕಟ್ಟೆಯ ಮೇಲೆ ಕೂರುತ್ತಿದೆ. ಒರೆಸಿದ ಬಟ್ಟೆ ಕಪ್ಪಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿರುವುದರಿಂದ ಹೊಗೆ ಮೇಲೇಳದೆ ಆಳೆತ್ತರದಲ್ಲೇ ಹರಡುತ್ತದೆ. ಮೂಡಣ ಗಾಳಿ ಅದನ್ನು ನೇರವಾಗಿ ತರಗತಿಗಳಿಗೆ ನೂಕುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ಉಸಿರಾಡುವ ಗಾಳಿ ದೊಡ್ಡವರಿಗಿಂತ ಹೆಚ್ಚು. ಕಿಟಕಿ ಮುಚ್ಚಿಕೊಳ್ಳಿ ಎಂದು ಶಾಲೆಗೆ ಹೇಳುವುದು ಪರಿಹಾರವಲ್ಲ.

ಘನತ್ಯಾಜ್ಯ ನಿರ್ವಹಣಾ ನಿಯಮಗಳು 2016ರ ಪ್ರಕಾರ ಬೀದಿಯಲ್ಲಾಗಲಿ ಸಾರ್ವಜನಿಕ ಜಾಗದಲ್ಲಾಗಲಿ ಕಸ ಸುಡುವಂತಿಲ್ಲ. ಗುಡಿಸಿದ ಎಲೆಯನ್ನು ಸುಡದೆ ಪ್ರತ್ಯೇಕವಾಗಿ ಇಡುವಂತೆ ಗುಡಿಸುವವರಿಗೆ ಸೂಚಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದೂ ಅಲ್ಲಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 22.12.2016ರ ಆದೇಶದಲ್ಲಿ ಬಯಲಲ್ಲಿ ಕಸ ಸುಟ್ಟರೆ 5,000 ರೂ., ದೊಡ್ಡ ಪ್ರಮಾಣದಲ್ಲಾದರೆ 25,000 ರೂ. ಪರಿಸರ ಪರಿಹಾರ ವಸೂಲಿಗೆ ಹೇಳಿದೆ.

ಈ ವಾರವೇ ಆಗಬೇಕಾದ್ದು ಈಗಿರುವ ರಾಶಿಯ ವಿಲೇವಾರಿ. ಮೇಲೆ ನೀರು ಹಾಯಿಸಿದರೆ ಸಾಲದು; ಜನವರಿ 21ರಂದು ಟ್ಯಾಂಕರ್ ತಂದು ಹಾಗೇ ಮಾಡಲಾಯಿತು, ಒಳಗಿನ ಕೆಂಡ ಉಳಿದು ಮರುದಿನ ಮತ್ತೆ ಹೊತ್ತಿಕೊಂಡಿತು. ಜೆಸಿಬಿಯಿಂದ ರಾಶಿ ಬಿಡಿಸಿ, ಒಂದಡಿ ದಪ್ಪಕ್ಕೆ ಹರಡಿ, ಹರಡಿದಲ್ಲೆಲ್ಲ ನೀರು ಹೊಡೆದು, ಪೂರ್ತಿ ಆರಿದ ಮೇಲೆಯೇ ಸಾಗಿಸಬೇಕು. ಬೂದಿಯನ್ನು ಒದ್ದೆ ಮಾಡಿ, ಟಾರ್ಪಾಲ್ ಮುಚ್ಚಿ ಒಯ್ಯಬೇಕು. ಈ ಕೆಲಸ ಭಾನುವಾರ ಆದರೆ ಮಕ್ಕಳಿಗೆ ಧೂಳು ತಾಗದು.

ಎಲೆ ಉದುರುವುದು ಮುಗಿಯುವ ಏಪ್ರಿಲ್‌ವರೆಗಾದರೂ ಟಿಪ್ಪರ್ ದಿನವೂ 8 ಗಂಟೆಗೆ ಬರಲಿ. ಜೊತೆಗೆ ಪಂಪ್‌ಹೌಸ್ ಆವರಣದಲ್ಲಿ 4 ಅಡಿ ಅಗಲ, 4 ಅಡಿ ಎತ್ತರದ ಕಬ್ಬಿಣದ ಜಾಲರಿಯ ಆರು ಗೂಡು ಮಾಡಿಸಿ. ಅರ್ಧ ಅಡಿ ಎಲೆ ತುಳಿದು, ಮೇಲೆ ಒಂದು ಬಕೆಟ್ ಸಗಣಿ ನೀರು ಚಿಮುಕಿಸಿ, ಹೀಗೇ ಪದರ ಪದರವಾಗಿ ತುಂಬಿದರೆ ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಒಣಗಲು ಬಿಟ್ಟರೆ ಎಲೆ ಕೊಳೆಯುವುದಿಲ್ಲ, ಬೆಂಕಿಗೆ ಉರುವಲಾಗುತ್ತದೆ. ವಾರಕ್ಕೆರಡು ಸಲ ನೀರು ಹಾಕಿ, ಎಲೆಯೊಳಗಿನ ಕವರ್ ಹೆಕ್ಕಿ ತೆಗೆಯುವ ಹೊಣೆ ನಮ್ಮದು. ಎಂಟು ಮನೆಯವರು ಸರದಿ ಹಾಕಿಕೊಂಡಿದ್ದೇವೆ.

ಎಳನೀರು ಬುರುಡೆಯನ್ನು ಬೇರೆಯಾಗಿ ಸಂಗ್ರಹಿಸಲು ಅಂಗಡಿಗಳಿಗೆ ನೋಟಿಸ್ ಕೊಡಿ; ಮತ್ತೆ ತಂದು ಸುರಿದರೆ ದಂಡ ಹಾಕಿ. ಜಾಗಕ್ಕೆ ಬೇಲಿ, ಕೆಟ್ಟಿರುವ ಬೀದಿದೀಪಕ್ಕೆ ಹೊಸ ಬಲ್ಬ್ ಬೇಕು. ಕತ್ತಲಿದ್ದಷ್ಟು ದಿನ ಕೇಬಲ್ ಸುಡುವುದು ನಿಲ್ಲದು.

ಆರೋಗ್ಯ ನಿರೀಕ್ಷಕರೊಂದಿಗೆ ತಾವು ಫೆಬ್ರವರಿ 17ರೊಳಗೆ ಒಂದು ಬೆಳಿಗ್ಗೆ 7 ಗಂಟೆಗೆ ಸ್ಥಳಕ್ಕೆ ಬರಬೇಕೆಂದು ಕೋರುತ್ತೇವೆ. ಹತ್ತು ಗಂಟೆಯ ಮೇಲೆ ಬಂದರೆ ಹೊಗೆ ಚದುರಿರುತ್ತದೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಕೆರೆ ಏರಿ ಬಡಾವಣೆಯ ನಿವಾಸಿಗಳು (64 ಸಹಿಗಳು ಲಗತ್ತು)

ಲಗತ್ತು: ಹೊಗೆ ಕಂಡ ದಿನಗಳ ಪಟ್ಟಿ, 22 ಫೋಟೊ, ಕೈನಕ್ಷೆ

ಪ್ರತಿ: ಶಾಲೆಯ ಮುಖ್ಯ ಶಿಕ್ಷಕರಿಗೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ