ಸಿಂಧು ಅವರಿಗೆ

ಶಿವಮೊಗ್ಗ
24 ಮೇ 2025

ಪ್ರಿಯ ಸಿಂಧು,

ತರಗತಿಯಲ್ಲಿ ನಾವು ಒಬ್ಬರನ್ನೊಬ್ಬರು ಏಕವಚನದಲ್ಲಿಯೇ ಮಾತನಾಡಿಸುತ್ತೇವೆ. ಆದರೂ ಈ ಪತ್ರದಲ್ಲಿ ‘ನೀವು’ ಎಂದು ಬರೆಯುತ್ತಿದ್ದೇನೆ. ಹೇಳಬೇಕಾಗಿರುವ ಮಾತಿಗೆ ಆ ಗೌರವ ಬೇಕೆನ್ನಿಸಿತು. ಇದನ್ನು ಮೂರು ತಿಂಗಳ ಹಿಂದೆಯೇ ಬರೆಯಬಹುದಿತ್ತು. ಆದರೆ ರೋಲ್ ನಂಬರಿನ ದೆಸೆಯಿಂದ ನಾವಿಬ್ಬರೂ ಲ್ಯಾಬಿನಲ್ಲಿ ಒಂದೇ ಮೈಕ್ರೋಸ್ಕೋಪನ್ನು ಹಂಚಿಕೊಳ್ಳುವವರು. ಪತ್ರ ಓದಿದ ಮೇಲೆ ವಾರಕ್ಕೆ ಎರಡು ಮಧ್ಯಾಹ್ನ ನನ್ನ ಪಕ್ಕದಲ್ಲಿ ನಿಲ್ಲುವುದು ನಿಮಗೆ ಮುಜುಗರವಾಗಬಾರದೆಂದು, ನಿನ್ನೆ ಕೊನೆಯ ಪರೀಕ್ಷೆ ಮುಗಿಯುವವರೆಗೆ ಕಾದೆ.

ನನಗೆ ನಿಮ್ಮ ಮೇಲೆ ಪ್ರೀತಿಯಿದೆ. ಇದನ್ನು ಎದುರಿಗೆ ನಿಂತು ಹೇಳುವ ಧೈರ್ಯ ಬರಲಿಲ್ಲ, ಗೆಳೆಯರ ಮೂಲಕ ಹೇಳಿಸುವುದು ಸರಿಯೆನಿಸಲಿಲ್ಲ. ಯಾರಿಗೂ ತಿಳಿಸಿಲ್ಲ, ತಿಳಿಸುವುದೂ ಇಲ್ಲ.

ಇದು ಯಾವಾಗ ಮೊದಲಾಯಿತೆಂದು ಯೋಚಿಸಿದರೆ ಎರಡನೆಯ ವರ್ಷದ ನನ್ನ ಸೆಮಿನಾರ್ ನೆನಪಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳ ಕುರಿತು ಹದಿನೈದು ದಿನ ಓದಿ ಬಂದಿದ್ದೆ. ಎರಡನೆಯ ನಿಮಿಷಕ್ಕೇ ಗಂಟಲು ಕಟ್ಟಿ, ಮುಂದಿನ ವಾಕ್ಯ ಮರೆತು ಹೋಗಿ, ಹಲಗೆಯ ಕಡೆ ತಿರುಗಿ ನಿಂತುಬಿಟ್ಟೆ. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಶುರುವಾಗಿತ್ತು. ಆಗ ನೀವು ಎದ್ದು ನಿಂತು, ಸದಾ ನೀರಿನಲ್ಲಿರುವ ಮರದ ಬೇರು ಉಸಿರಾಡುವುದು ಹೇಗೆ ಎಂದು ಕೇಳಿದಿರಿ. ಮಂಡಿಯಂತೆ ಮಡಚಿಕೊಂಡು ನೀರಿನ ಮೇಲಕ್ಕೆ ಎದ್ದು ಗಾಳಿ ಪಡೆಯುವ ಬೇರುಗಳ ಬಗ್ಗೆ ಹಿಂದಿನ ದಿನವಷ್ಟೇ ನಾನು ನಿಮ್ಮ ಮುಂದೆ ಚಿತ್ರ ಬಿಡಿಸಿದ್ದೆ; ಉತ್ತರ ನಿಮಗೆ ಗೊತ್ತಿತ್ತು. ಆ ಪ್ರಶ್ನೆಯ ಆಸರೆಯಿಂದ ಉಳಿದ ಹತ್ತು ನಿಮಿಷ ಮಾತನಾಡಿ ಮುಗಿಸಿದೆ. ನೀವು ಆಮೇಲೆ ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ, ನಾನೂ ಧನ್ಯವಾದ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಇನ್ನೊಂದು, ಕಳೆದ ಜೂನಿನ ಆಗುಂಬೆಯ ಪ್ರವಾಸ. ಎಲ್ಲರೂ ಕಾಲಿನ ಉಂಬಳಗಳನ್ನು ಕಿತ್ತೆಸೆಯುತ್ತಾ ಬಸ್ಸಿನತ್ತ ಓಡುತ್ತಿದ್ದಾಗ, ಮಳೆಗೆ ಮುರಿದು ಬಿದ್ದ ಕೊಂಬೆಯೊಂದರಲ್ಲಿ ಸೀತಾಳೆ ದಂಡೆ ಕಂಡಿತು. ಹರ್ಬೇರಿಯಂಗೆ ಒಳ್ಳೆಯ ಮಾದರಿಯಾಯಿತೆಂದು ನಾನು ಹಳೆಯ ಪತ್ರಿಕೆ ಬಿಚ್ಚುತ್ತಿದ್ದೆ. ನೀವು, ಬೇರು ಇನ್ನೂ ಹಸಿಯಾಗಿದೆ ಎಂದಷ್ಟೇ ಹೇಳಿ, ರಸ್ತೆ ಬದಿಯ ಮನೆಯವರಿಂದ ಬಾಳೆನಾರು ಕೇಳಿ ತಂದು, ಅವರ ಅಂಗಳದ ಹಲಸಿನ ಮರಕ್ಕೆ ಅದನ್ನು ಕಟ್ಟಿದಿರಿ. ನಾನು ಛತ್ರಿ ಹಿಡಿದು ನಿಂತಿದ್ದೆ. ಅಂಕಕ್ಕಾಗಿ ಓದುತ್ತಿದ್ದ ಸಸ್ಯಶಾಸ್ತ್ರವನ್ನು ಗಿಡಗಳಿಗಾಗಿ ಓದತೊಡಗಿದ್ದು ಆ ದಿನದಿಂದ. ನನ್ನ ಪ್ರೀತಿಯನ್ನು ನೀವು ಒಪ್ಪಿದರೂ ಒಪ್ಪದಿದ್ದರೂ ಅದು ನನ್ನಲ್ಲಿ ಉಳಿಯುತ್ತದೆ.

ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗಬೇಕೆಂಬುದು ನಿಮ್ಮ ಬಹುದಿನದ ಆಸೆ ಎಂದು ಬಲ್ಲೆ. ನಾನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದೇನೆ. ಅಪ್ಪನ ಅಡಿಕೆ ತೋಟದ ಕೆಲಸಕ್ಕೆ ಭಾನುವಾರವಾದರೂ ಊರಿಗೆ ಹೋಗಬೇಕು. ಈ ಪತ್ರಕ್ಕಾಗಿ ನಿಮ್ಮ ಯಾವ ನಿರ್ಧಾರವೂ ಬದಲಾಗುವುದು ನನಗೆ ಬೇಡ. ನೀವು ನನ್ನೊಡನೆ ಸಲಿಗೆಯಿಂದ ಇದ್ದದ್ದನ್ನು ನಾನು ಒಪ್ಪಿಗೆಯೆಂದು ತಿಳಿದಿಲ್ಲ. ನೀವು ಎಲ್ಲರೊಡನೆಯೂ ಹಾಗೆಯೇ ಇದ್ದೀರಿ, ಮತ್ತು ಅದು ನನಗೆ ಇಷ್ಟವಾದದ್ದೂ ಹೌದು.

ನಿಮಗೂ ಮನಸ್ಸಿದ್ದರೆ, ಅಥವಾ ಮನಸ್ಸು ಇನ್ನೂ ತೀರ್ಮಾನವಾಗದೆ ಒಮ್ಮೆ ಕೂತು ಮಾತನಾಡಬೇಕೆನಿಸಿದರೆ, ಅಂಕಪಟ್ಟಿ ತೆಗೆದುಕೊಳ್ಳಲು ಬಂದ ದಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯೋಣ. ಇಲ್ಲವೆಂದಾದರೆ ಕಾರಣ ಕೊಡಬೇಕಾಗಿಲ್ಲ, ಉತ್ತರವನ್ನೂ ಬರೆಯಬೇಕಾಗಿಲ್ಲ. ನಿಮ್ಮ ಮೌನವನ್ನು ಇಲ್ಲವೆಂದೇ ತಿಳಿದುಕೊಳ್ಳುತ್ತೇನೆ, ಮತ್ತೆ ಕೇಳುವುದಿಲ್ಲ. ನನಗೆ ಬೇಸರವಾಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಅದನ್ನು ನಿಭಾಯಿಸುವ ಹೊಣೆ ನನ್ನದು, ನಿಮ್ಮದಲ್ಲ. ದಾರಿಯಲ್ಲಿ ಸಿಕ್ಕಾಗ ಮೊದಲಿನಂತೆ ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ.

ಕಳೆದ ಭಾನುವಾರ ಆಗುಂಬೆಯ ಕಡೆ ಹೋಗಿದ್ದೆ. ನೀವು ಕಟ್ಟಿದ ಬಾಳೆನಾರು ಕೊಳೆತು ಉದುರಿಹೋಗಿದೆ, ಆದರೆ ಬೇರುಗಳು ಹಲಸಿನ ತೊಗಟೆಯನ್ನು ಚೆನ್ನಾಗಿ ಹಿಡಿದುಕೊಂಡಿವೆ. ಈ ಸಲ ಒಂದು ದಂಡೆ ಇಳಿದಿದೆ, ಅರ್ಧದಷ್ಟು ಹೂವು ಅರಳಿತ್ತು. ಮನೆಯವರು ಅದನ್ನು ಯಾರಿಗೂ ಕೀಳಲು ಬಿಟ್ಟಿಲ್ಲವಂತೆ.

ಇಂತಿ,
ನಿಮ್ಮ ಸಹಪಾಠಿ,
ಪ್ರಶಾಂತ